ವಚನವನ್ನು ಓದಿ ಕೇಳಿಸುವ ಬಗೆ: ಪದವಿ ತರಗತಿಗೊಂದು ಪರಿಚಯೋಪನ್ಯಾಸ

ಗಡಿನಾಡಿನ ಪ್ರೌಢಶಾಲೆಗಳಲ್ಲಿ ಕನ್ನಡ ಬೋಧಿಸುವ ಶಿಕ್ಷಕರನ್ನು ನೆರೆಯ ಕಾಲೇಜಿನವರು ಆಗಾಗ ಉಪನ್ಯಾಸಕ್ಕೆ ಕರೆಯುವುದುಂಟು. ಅಲ್ಲಿ ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡ ವಿದ್ಯಾರ್ಥಿಗಳು ಕೆಲವರೇ ಇರುತ್ತಾರೆ. ಅವರಲ್ಲಿ ಹಲವರು ಇಂಗ್ಲಿಷ್ ಅಥವಾ ಮರಾಠಿ ಮಾಧ್ಯಮದಲ್ಲಿ ಓದಿದವರು. ಅವರು ವಚನವನ್ನು ಬಲ್ಲದ್ದು ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಾಗಿ: ವಚನಕಾರ ಯಾರು, ಅಂಕಿತ ಯಾವುದು, ಶತಮಾನ ಯಾವುದು. ಈ ಮೂರಕ್ಕೂ ಸರಿಯುತ್ತರ ಬರೆದ ವಿದ್ಯಾರ್ಥಿಯ ಕೈಗೆ ಒಂದು ವಚನವನ್ನು ಕೊಟ್ಟು ಗಟ್ಟಿಯಾಗಿ ಓದೆಂದರೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯದೆ ತಡವರಿಸುತ್ತಾನೆ. ನಿಲ್ಲುವ ಕಡೆ ತಪ್ಪಿದರೆ ಅರ್ಥವೂ ತಪ್ಪುತ್ತದೆ. ಆದ್ದರಿಂದ ಈ ಪಾಠವು ಇತಿಹಾಸದಿಂದ ಹೊರಡದೆ ಓದಿನಿಂದ ಹೊರಡುತ್ತದೆ. ಐವತ್ತು ನಿಮಿಷಗಳ ಒಂದು ಅವಧಿಗೆ ಇದನ್ನು ಹೊಂದಿಸಲಾಗಿದೆ. ಉದಾಹರಣೆಗಾಗಿ ಸೊಲ್ಲಾಪುರದ ತರಗತಿಯನ್ನು ಆರಿಸಿಕೊಂಡಿದೆ. ಬೇರೆ ಗಡಿಯ ಶಿಕ್ಷಕರು ಮಾಡಿಕೊಳ್ಳಬೇಕಾದ ಬದಲಾವಣೆಯನ್ನು ಅಲ್ಲಲ್ಲಿ ಸೂಚಿಸಿದೆ.

ಸೊಲ್ಲಾಪುರವನ್ನು ಆರಿಸಿದ್ದಕ್ಕೆ ಕಾರಣವಿದೆ. ವಚನಗಳಲ್ಲಿಯೂ ಪುರಾಣಗಳಲ್ಲಿಯೂ ಬರುವ ಸೊನ್ನಲಿಗೆ ಎಂಬ ಊರು ಇದೇ. ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮನು ಇಲ್ಲಿಯವನು. ಇಂದು ಪೇಟೆಯ ನಡುವೆ ಸಿದ್ಧೇಶ್ವರ ದೇವಾಲಯವನ್ನು ಸುತ್ತುವರಿದಿರುವ ಕೆರೆಯನ್ನು ಕಟ್ಟಿಸಿದವನು ಅವನೇ ಎಂದು ಪರಂಪರೆ ಹೇಳುತ್ತದೆ. ಮಕರ ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜಗಳು ಸಾಗುವುದನ್ನು ವಿದ್ಯಾರ್ಥಿಗಳೆಲ್ಲ ಕಂಡವರೇ. ಆದರೆ ಆ ಜಾತ್ರೆಯ ದೇವರೂ ತಮ್ಮ ಪಠ್ಯದಲ್ಲಿ 'ಕಪಿಲಸಿದ್ಧಮಲ್ಲಿಕಾರ್ಜುನ' ಎಂಬ ಅಂಕಿತದ ಕೆಳಗಿರುವ ಕವಿಯೂ ಒಬ್ಬನೇ ಎಂಬುದು ಎಷ್ಟೋ ಜನರ ಗಮನಕ್ಕೆ ಬಂದಿರುವುದಿಲ್ಲ. ಉಪನ್ಯಾಸದ ಮೊದಲ ಮಾತು ಇದೇ ಆಗಲಿ, ಎರಡು ನಿಮಿಷದಲ್ಲಿ ಮುಗಿಯಲಿ. ಸಿದ್ಧರಾಮನ ಪವಾಡಗಳನ್ನು ಹೇಳಲು ತೊಡಗಿದರೆ ಅವಧಿ ಅಲ್ಲಿಯೇ ಕಳೆದುಹೋಗುತ್ತದೆ.

ಮುಂದೆ 'ವಚನ' ಎಂಬ ಶಬ್ದ. ಮರಾಠಿ ಬಲ್ಲ ವಿದ್ಯಾರ್ಥಿಗೆ ಈ ಶಬ್ದ ಕೇಳಿದೊಡನೆ ಕೊಟ್ಟ ಮಾತು, ಭಾಷೆ ಎಂಬ ಅರ್ಥ ಹೊಳೆಯುತ್ತದೆ. ವ್ಯಾಕರಣದ ಏಕವಚನ ಬಹುವಚನಗಳು ನೆನಪಾಗುತ್ತವೆ. 'ವಾಚನ' ಎಂಬ ಓದಿನ ಶಬ್ದದೊಡನೆಯೂ ಬೆರೆಯುತ್ತದೆ. ಇವು ಯಾವುವನ್ನೂ ತಪ್ಪೆಂದು ತಳ್ಳಬೇಕಾಗಿಲ್ಲ. ವಚನವೆಂದರೆ ನುಡಿದದ್ದು. ಬರೆದು ತಿದ್ದಿದ ಕಾವ್ಯವೆಂಬುದಕ್ಕಿಂತ ಎದುರಿಗಿರುವವರಿಗೆ ಆಡಿದ ಮಾತು ಎಂಬ ಅರ್ಥ ಅದರಲ್ಲಿ ಮುಖ್ಯ. ಆಡಿದ ಮಾತಿಗೆ ಆಡಿದವನು ಹೊಣೆಯೆಂಬ ಭಾವವೂ ಅದರೊಡನೆ ಸೇರಿದೆ. ಆದುದರಿಂದ ಕೊಟ್ಟ ಮಾತು ಎಂಬ ಮರಾಠಿಯ ಅರ್ಥವೂ ಇಲ್ಲಿ ನೆರವಿಗೆ ಬರುತ್ತದೆ.

'ಇದು ಪದ್ಯವೋ ಗದ್ಯವೋ' ಎಂದು ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಇದಕ್ಕೆ ಉತ್ತರವನ್ನು ವ್ಯಾಖ್ಯೆಯಿಂದ ಕೊಡುವುದಕ್ಕಿಂತ ಹೋಲಿಕೆಯಿಂದ ಕೊಡುವುದು ಸುಲಭ. ಸಿದ್ಧರಾಮನ ಕಥೆಯನ್ನು ರಾಘವಾಂಕನು ಮುಂದೆ 'ಸಿದ್ಧರಾಮಚಾರಿತ್ರ'ವಾಗಿ ಬರೆದನು. ಅದು ಷಟ್ಪದಿಯಲ್ಲಿದೆ. ಆರು ಸಾಲು, ಸಾಲಿಗಿಷ್ಟು ಮಾತ್ರೆ, ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ. ಸಿದ್ಧರಾಮನ ವಚನವೊಂದನ್ನು ಅದರ ಪಕ್ಕದಲ್ಲಿಟ್ಟರೆ ಮಾತ್ರೆಯ ಲೆಕ್ಕ ಕೂಡಿಬರುವುದಿಲ್ಲ. ಎರಡನೆಯ ಅಕ್ಷರ ಒಮ್ಮೆ ಹೊಂದಿದರೆ ಮುಂದಿನ ಸಾಲಿನಲ್ಲಿ ಹೊಂದುವುದಿಲ್ಲ. ಆದರೂ ವಚನವು ವೃತ್ತಾಂತ ಹೇಳುವ ಗದ್ಯದಂತೆ ಹರಿದುಹೋಗುವುದಿಲ್ಲ. ಒಂದು ಮಾತಿಗೆ ಎದುರಾಗಿ ಇನ್ನೊಂದು ಮಾತು ನಿಲ್ಲುತ್ತದೆ. ಎರಡೂ ಒಂದೇ ಅಳತೆಯ ಉಸಿರಿನಲ್ಲಿ ಮುಗಿಯುತ್ತವೆ. ಛಂದಸ್ಸಿನ ಜಾಗದಲ್ಲಿ ಈ ಎದುರುಬದುರು ಕೆಲಸಮಾಡುತ್ತದೆ. ಇಷ್ಟನ್ನು ಹೇಳಿ, ಷಟ್ಪದಿಯ ಒಂದು ಪದ್ಯವನ್ನೂ ಒಂದು ವಚನವನ್ನೂ ಒಂದರ ಹಿಂದೊಂದು ಓದಿ ತೋರಿಸಿದರೆ ಸಾಕು. ವಿದ್ಯಾರ್ಥಿಗಳ ಕಿವಿಯೇ ಉಳಿದುದನ್ನು ನಿರ್ಣಯಿಸುತ್ತದೆ.

ಸೊಲ್ಲಾಪುರದ ವಿದ್ಯಾರ್ಥಿಗಳಿಗೆ ಇನ್ನೊಂದು ಹೋಲಿಕೆ ಮನೆಯಲ್ಲಿಯೇ ಸಿಗುತ್ತದೆ: ಅಭಂಗ. ಅಭಂಗಕ್ಕೆ ಕಟ್ಟುನಿಟ್ಟಾದ ಅಕ್ಷರದ ಅಳತೆಯುಂಟು, ಪ್ರಾಸವುಂಟು, ವಚನಕ್ಕೆ ಅವಿಲ್ಲ. ಇದಕ್ಕಿಂತ ಗಮನಿಸಬೇಕಾದ ಭೇದ ಕೊನೆಯಲ್ಲಿದೆ. ತುಕಾರಾಮರು ಅಭಂಗದ ಕೊನೆಯಲ್ಲಿ ತಮ್ಮ ಹೆಸರನ್ನೇ ಹೇಳಿಕೊಳ್ಳುತ್ತಾರೆ. ತೆಲುಗಿನ ಗಡಿಯಲ್ಲಿ ಆದವಾನಿ, ರಾಯದುರ್ಗಗಳ ಶಿಕ್ಷಕರು ವೇಮನನ ಪದ್ಯವನ್ನು ತೆಗೆದುಕೊಳ್ಳಬಹುದು. ಅಲ್ಲಿಯೂ ಕೊನೆಯ ಸಾಲಿನಲ್ಲಿ ಬರುವುದು ವೇಮನ ಹೆಸರೇ. ವಚನದಲ್ಲಿ ಹಾಗಲ್ಲ. ಬಸವಣ್ಣನ ವಚನದಲ್ಲಿ 'ಬಸವ' ಎಂಬ ಸಹಿ ಇರುವುದಿಲ್ಲ, ಕೂಡಲಸಂಗಮದೇವನಿರುತ್ತಾನೆ. ಅಲ್ಲಮನಲ್ಲಿ ಗುಹೇಶ್ವರ, ಅಕ್ಕಮಹಾದೇವಿಯಲ್ಲಿ ಚೆನ್ನಮಲ್ಲಿಕಾರ್ಜುನ, ದಾಸಿಮಯ್ಯನಲ್ಲಿ ರಾಮನಾಥ. ಅಂಕಿತವನ್ನು ಕವಿಯ ಸಹಿಯೆಂದು ಕಲಿಸುವುದು ರೂಢಿಯಾಗಿದೆ. ಯಾರ ವಚನವೆಂದು ಗುರುತಿಸಲು ಅದು ನೆರವಾಗುವುದೂ ನಿಜ. ಆದರೆ ಓದುವಾಗ ಅದು ಸಹಿಯಂತೆ ಕೆಲಸಮಾಡುವುದಿಲ್ಲ, ಕರೆಯಂತೆ ಕೆಲಸಮಾಡುತ್ತದೆ. ಅದು ಯಾರಿಗೆ ಮಾತಾಡುತ್ತಿದೆಯೋ ಅವನ ಹೆಸರು. ಕರೆಯುವ ಹೆಸರನ್ನು ನಾವು ಮಾತಿನ ನಡುವೆ ಎಲ್ಲಿ ಇಡುತ್ತೇವೆ, ಕರೆದ ಮೇಲೆ ಏನು ಹೇಳುತ್ತೇವೆ ಎಂಬುದರಲ್ಲಿ ಅರ್ಥವಿದೆ. ಸಿದ್ಧರಾಮನ ಅಂಕಿತದಲ್ಲಿ ಮಲ್ಲಿಕಾರ್ಜುನನ ಹೆಸರು ಏಕೆ ಬಂತೆಂಬುದನ್ನು ರಾಘವಾಂಕನ ಕಥೆಯಿಂದ ಒಂದೇ ಮಾತಿನಲ್ಲಿ ಹೇಳಬಹುದು: ದನ ಕಾಯುವ ಹುಡುಗನಾಗಿದ್ದಾಗ ಕಂಡ ಮಲ್ಲಯ್ಯನಿಗೆ ಊಟ ತರಲು ಮನೆಗೆ ಹೋಗಿ ಬರುವಷ್ಟರಲ್ಲಿ ಅವನು ಕಾಣದಾದನು, ಅವನನ್ನು ಹುಡುಕುತ್ತ ಹುಡುಗ ಶ್ರೀಶೈಲಕ್ಕೆ ಹೋದನು. ಕಳೆದುಕೊಂಡವನನ್ನು ಹೆಸರು ಹಿಡಿದು ಕರೆಯುವ ಧ್ವನಿ ಆ ಅಂಕಿತದಲ್ಲಿದೆಯೆಂದು ತಿಳಿದವನು ಅದನ್ನು ಸಹಿಯಂತೆ ಗೊಣಗಿ ಮುಗಿಸಲಾರ.

ಇನ್ನು ಓದಿನ ಕೆಲಸ. ಅದಕ್ಕೆ ಮೊದಲು ವಿದ್ಯಾರ್ಥಿಗಳಿಗೆ ತಿಳಿಯಬೇಕಾದ ಒಂದು ಸಂಗತಿಯಿದೆ. ಅದನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಪುಸ್ತಕದಲ್ಲಿ ವಚನವನ್ನು ಸಾಲುಸಾಲಾಗಿ ಒಡೆದು, ಅಲ್ಪವಿರಾಮ ಪ್ರಶ್ನಚಿಹ್ನೆಗಳನ್ನು ಹಾಕಿ ಮುದ್ರಿಸಿರುತ್ತಾರೆ. ತಾಳೆಗರಿಯಲ್ಲಿ ಇದು ಇಲ್ಲ. ಅಲ್ಲಿ ಬರವಣಿಗೆ ಗರಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎಡೆಬಿಡದೆ ಸಾಗುತ್ತದೆ. ಪದಪದಗಳ ನಡುವೆ ತೆರಪಿಲ್ಲ, ಸಾಲು ಒಡೆಯುವುದು ಗರಿ ಮುಗಿದಾಗಲೇ. ವಿಜಾಪುರದಲ್ಲಿ ವಕೀಲಿಯಲ್ಲಿದ್ದ ಫ. ಗು. ಹಳಕಟ್ಟಿಯವರು ಮನೆಮನೆಗಳಿಂದ ಇಂಥ ಗರಿಗಳನ್ನು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಆ ವಿಜಾಪುರ ಸೊಲ್ಲಾಪುರಕ್ಕೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಮುಂದೆ ಅನೇಕ ಸಂಪಾದಕರ ದುಡಿಮೆಯಾದ ಮೇಲೆ 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನಗಳ 15 ಸಂಪುಟಗಳನ್ನು ಕರ್ನಾಟಕ ಸರಕಾರ ಪ್ರಕಟಿಸಿತು. ನಾವು ಇಂದು ಕಾಣುವ ಸಾಲುಗಳು ಈ ಸಂಪಾದಕರು ಅರ್ಥವನ್ನು ವಿಚಾರಮಾಡಿ ಒಡೆದ ಸಾಲುಗಳು. ಅವು ಬಹುಮಟ್ಟಿಗೆ ಸರಿಯಾದವೇ. ಆದರೆ ಅವು ಓದಿನ ಫಲವೆಂಬುದನ್ನು ತಿಳಿದ ವಿದ್ಯಾರ್ಥಿಗೆ ತಾನೂ ಹಾಗೆ ಓದಬಹುದೆಂಬ ಧೈರ್ಯ ಬರುತ್ತದೆ.

ಆದುದರಿಂದ ಮೊದಲ ಅಭ್ಯಾಸಕ್ಕೆ ಸಾಲು ಒಡೆಯದ ಒಂದು ಪಾಠವನ್ನು ಕರಿಹಲಗೆಯ ಮೇಲೆ ಬರೆಯಬೇಕು. ಪ್ರಸಿದ್ಧ ವಚನವನ್ನು ತೆಗೆದುಕೊಂಡರೆ ಯಾರಾದರೊಬ್ಬರಿಗೆ ಬಾಯಿಪಾಠವಿದ್ದು ಅಭ್ಯಾಸ ಕೆಡುತ್ತದೆ. ಅದಕ್ಕಾಗಿ ಈ ಕೈಪಿಡಿಗೆಂದೇ ವಚನದ ಮಾದರಿಯಲ್ಲಿ ಕಟ್ಟಿದ ಒಂದು ಚಿಕ್ಕ ರಚನೆಯನ್ನು ಕೆಳಗೆ ಕೊಟ್ಟಿದೆ. ಇದು ಯಾವ ಶರಣನ ವಚನವೂ ಅಲ್ಲ. ಇದರಲ್ಲಿರುವ 'ಸಂತೆಯೊಡೆಯ' ಎಂಬುದು ಯಾರ ಅಂಕಿತವೂ ಅಲ್ಲ. ಇದನ್ನು ತರಗತಿಯಲ್ಲಿ ಮೊದಲೇ ಸ್ಪಷ್ಟವಾಗಿ ಹೇಳಬೇಕು. ಹೊಸ ರಚನೆಗಳು ಹಳೆಯ ವಚನಗಳೆಂದು ಹರಡುವುದು ಈಗ ಸಾಮಾನ್ಯವಾಗಿರುವುದರಿಂದ ಈ ಎಚ್ಚರ ಅವಶ್ಯ.

ಅಳೆವ ಕೊಳಗ ನೆಟ್ಟಗಿದ್ದರೇನು ಅಳೆವ ಕೈ ಸೊಟ್ಟಗಿದ್ದ ಬಳಿಕ ಜೋಳ ತುಂಬಿ ಕಂಡಿತ್ತು ಕೊಂಡವನ ಮಡಕೆ ಬರಿದಾಗಿತ್ತು ಲೆಕ್ಕವ ನಾನರಿಯೆ ಹಸಿದವನ ಮೊಗವ ಬಲ್ಲೆ ಸಂತೆಯೊಡೆಯಾ ಕೊಳಗವ ಮುರಿಯಬೇಡ ಕೈಯ ತಿದ್ದು

ಪದಗಳ ನಡುವೆ ತೆರಪನ್ನು ಮಾತ್ರ ಉಳಿಸಿದೆ. ಇದನ್ನು ಶಿಕ್ಷಕರು ತಾವಾಗಿ ಓದಿ ತೋರಿಸಬಾರದು. ಇಬ್ಬರು ಮೂವರು ವಿದ್ಯಾರ್ಥಿಗಳಿಂದ ಓದಿಸಿ, ಅವರು ನಿಂತ ಕಡೆಯಲ್ಲೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆಯುತ್ತ ಹೋಗಬೇಕು. ಮೊದಲ ಓದಿನಲ್ಲಿ ಗೆರೆಗಳು ಎಲ್ಲೆಂದರಲ್ಲಿ ಬೀಳುತ್ತವೆ. ಕೆಲವರು ಮೂರು ಮೂರು ಪದಕ್ಕೊಮ್ಮೆ ನಿಲ್ಲುತ್ತಾರೆ, ಅದು ಮರಾಠಿ ಪದ್ಯವನ್ನು ಓದಿದ ರೂಢಿ. ಕೆಲವರು ಉಸಿರು ಸೋಲುವವರೆಗೆ ನಿಲ್ಲುವುದೇ ಇಲ್ಲ. ಅರ್ಥವನ್ನು ಇನ್ನೂ ಕೇಳಬಾರದು.

ಅನಂತರ ಪದಾರ್ಥ. ಕೊಳಗವೆಂದರೆ ಧಾನ್ಯ ಅಳೆಯುವ ಪಾತ್ರೆ. ತೂಕದ ಕಾಲದಲ್ಲಿ ಬೆಳೆದ ಮಕ್ಕಳಿಗೆ ಇದು ಗೊತ್ತಿರಲಿಕ್ಕಿಲ್ಲ. ಮರಾಠಿಯಲ್ಲಿ ಪಾಯಲಿ ಎಂಬ ಅಳತೆಯ ಹೆಸರು ಹೇಳಿದರೆ ಅಜ್ಜಿಯ ಮನೆಯಲ್ಲಿ ಕಂಡದ್ದು ನೆನಪಾಗಬಹುದು. ಅಳೆವ ಎಂದರೆ ಅಳೆಯುವ. ಲೆಕ್ಕವ, ಮೊಗವ, ಕೈಯ ಎಂಬಲ್ಲಿ ಇಂದಿನ 'ಅನ್ನು' ಪ್ರತ್ಯಯದ ಕೆಲಸವನ್ನು ಅಕಾರವೇ ಮಾಡುತ್ತಿದೆ. ಇಷ್ಟು ತಿಳಿದರೆ ಬಹುಪಾಲು ವಚನಗಳ ವಿಭಕ್ತಿ ಬಿಡಿಸಿಕೊಳ್ಳುತ್ತದೆ.

ನಿಜವಾದ ತೊಡಕಿರುವುದು 'ಅರಿಯೆ' ಎಂಬಲ್ಲಿ. ಇಂದಿನ ಪುಸ್ತಕದ ಕನ್ನಡವನ್ನು ಮಾತ್ರ ಬಲ್ಲವನಿಗೆ 'ನಾನರಿಯೆ' ಎಂಬುದು ನಾನು ಅರಿತಿದ್ದೇನೆ ಎಂಬಂತೆ ಕೇಳಿಸುತ್ತದೆ. ಅದರ ಅರ್ಥ ಅದಕ್ಕೆ ತದ್ವಿರುದ್ಧ: ನಾನು ಅರಿಯುವುದಿಲ್ಲ. ಇದು ಹಳಗನ್ನಡ ನಡುಗನ್ನಡಗಳ ನಿಷೇಧರೂಪ. ಧಾತುವಿಗೆ ಇಲ್ಲ ಎಂಬ ಶಬ್ದ ಸೇರಿಸದೆ ನೇರವಾಗಿ ಪುರುಷಪ್ರತ್ಯಯ ಹತ್ತಿಸಿದರೆ ನಿಷೇಧವಾಗುತ್ತದೆ. ವಚನಗಳಲ್ಲಿ ಇಂಥ ರೂಪಗಳು ಮತ್ತೆ ಮತ್ತೆ ಬರುತ್ತವೆ. ಇದನ್ನು ಸೂತ್ರದ ಮೂಲಕ ಕಲಿಸುವ ಶಿಕ್ಷಕರು ಬಹಳ ಶ್ರಮಪಡುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಮಕ್ಕಳಿಗೆ ಆ ಶ್ರಮ ಬೇಕಾಗಿಲ್ಲ. 'ಇನ್ನೊಂದು ರೊಟ್ಟಿ ಹಾಕಲೇನು' ಎಂದು ಕೇಳಿದರೆ ಮನೆಯಲ್ಲಿ ಏನೆನ್ನುತ್ತೀರಿ ಎಂದು ವಿಚಾರಿಸಿದರೆ ಸಾಕು, 'ನಾ ಒಲ್ಲೆ' ಎಂಬ ಉತ್ತರ ಬರುತ್ತದೆ. ಒಲ್ಲೆ ಎಂದರೆ ಒಲಿಯುವೆ ಎಂದಲ್ಲ, ಬೇಡ ಎಂದು. ಅರಿಯೆ ಎಂಬುದೂ ಅದೇ ರೂಪ. ಮನೆಯ ಮಾತು ಅಶುದ್ಧವೆಂದು ಕೇಳಿ ಕೇಳಿ ನಾಚಿಕೊಂಡಿದ್ದ ವಿದ್ಯಾರ್ಥಿಗೆ, ಎಂಟುನೂರು ವರ್ಷದ ಹಿಂದಿನ ವ್ಯಾಕರಣವು ತನ್ನ ಅಡುಗೆಮನೆಯಲ್ಲಿಯೇ ಉಳಿದಿದೆಯೆಂದು ತಿಳಿಯುವ ಗಳಿಗೆ ಅದು.

ಇಲ್ಲಿಯೇ ಇನ್ನೊಂದು ಜೋಡಿಯನ್ನು ಹಲಗೆಯ ಮೇಲೆ ಬರೆಯುವುದು ಒಳ್ಳೆಯದು: ಕಾಣೆ ಮತ್ತು ಕಾಣಾ. ಕಾಣೆ ಎಂದರೆ ನಾನು ಕಾಣುವುದಿಲ್ಲ, ನನಗೆ ಕಾಣದು. ಕಾಣಾ ಎಂಬುದು ಎದುರಿನವನನ್ನು ಎಚ್ಚರಿಸುವ ಮಾತು, ನೋಡಯ್ಯ ಎಂಬಂತೆ. ಅಂಕಿತದ ಪಕ್ಕದಲ್ಲಿ ಇದು ಆಗಾಗ ಬರುತ್ತದೆ. ಕೊನೆಯ ಸ್ವರವನ್ನು ಅಸ್ಪಷ್ಟವಾಗಿ ಉಚ್ಚರಿಸಿದರೆ ಕೇಳುವವನಿಗೆ ನೋಡೆಂಬುದು ಕಾಣದೆಂದಾಗುತ್ತದೆ. ಇದಕ್ಕಿಂತ ಹೆಚ್ಚಿನ ವ್ಯಾಕರಣವನ್ನು ಮೊದಲ ಉಪನ್ಯಾಸದಲ್ಲಿ ತರಬೇಕಾಗಿಲ್ಲ.

ಈಗ ಮತ್ತೆ ಓದಿಸಬೇಕು. ಪದಗಳು ತಿಳಿದ ಮೇಲೆ ಗೆರೆಗಳು ತಾವಾಗಿ ಸ್ಥಾನ ಬದಲಿಸುತ್ತವೆ. ಬಹುತೇಕ ಎಲ್ಲರೂ ಈ ಕೆಳಗಿನ ಒಡೆತಕ್ಕೆ ಬರುತ್ತಾರೆ:

ಅಳೆವ ಕೊಳಗ ನೆಟ್ಟಗಿದ್ದರೇನು,
ಅಳೆವ ಕೈ ಸೊಟ್ಟಗಿದ್ದ ಬಳಿಕ?
ಜೋಳ ತುಂಬಿ ಕಂಡಿತ್ತು,
ಕೊಂಡವನ ಮಡಕೆ ಬರಿದಾಗಿತ್ತು.
ಲೆಕ್ಕವ ನಾನರಿಯೆ,
ಹಸಿದವನ ಮೊಗವ ಬಲ್ಲೆ.
ಸಂತೆಯೊಡೆಯಾ,
ಕೊಳಗವ ಮುರಿಯಬೇಡ, ಕೈಯ ತಿದ್ದು.

ಎಲ್ಲರೂ ಎಂದು ಹೇಳಲಾಗದು. ಒಬ್ಬಿಬ್ಬರು ಐದನೆಯ ಸಾಲಿನಲ್ಲಿ ಬೇರೆ ದಾರಿ ಹಿಡಿಯಬಹುದು. 'ಲೆಕ್ಕವ ನಾನರಿಯೆ ಹಸಿದವನ ಮೊಗವ' ಎಂದು ಒಂದೇ ಉಸಿರಿನಲ್ಲಿ ಓದಿ, ಅಲ್ಲಿ ನಿಂತು, 'ಬಲ್ಲೆ ಸಂತೆಯೊಡೆಯಾ' ಎಂದು ಮುಂದುವರಿಸಬಹುದು. ಆಗ ಅರ್ಥವೇನಾಯಿತೆಂದು ತರಗತಿಯನ್ನೇ ಕೇಳಬೇಕು. ಮಾತಾಡುವವನು ಲೆಕ್ಕವನ್ನೂ ಅರಿಯ, ಹಸಿದವನ ಮುಖವನ್ನೂ ಅರಿಯ ಎಂದಾಯಿತು. ಹಸಿವನ್ನು ಕಂಡು ಆಡಿದ ಮಾತು ಹಸಿವನ್ನು ಕಾಣದವನ ಮಾತಾಗಿಬಿಟ್ಟಿತು. ಒಂದಕ್ಷರವೂ ಬದಲಾಗಿಲ್ಲ, ನಿಂತ ಜಾಗ ಮಾತ್ರ ಬದಲಾಗಿದೆ. ಈ ಓದು ತಪ್ಪೆಂದು ಹೇಗೆ ನಿರ್ಧರಿಸುವುದು? ವ್ಯಾಕರಣದಿಂದ ಅದನ್ನು ತಪ್ಪೆನ್ನಲಾಗದು. ಅದಕ್ಕೆ ಮೊದಲಿನ ಸಾಲುಗಳನ್ನು ನೋಡಬೇಕು. ಅಲ್ಲಿ ಕೊಳಗಕ್ಕೆ ಎದುರಾಗಿ ಕೈ, ತುಂಬಿದ್ದಕ್ಕೆ ಎದುರಾಗಿ ಬರಿದಾದದ್ದು ನಿಂತಿವೆ. ಹಾಗೆಯೇ ಅರಿಯೆ ಎಂಬುದಕ್ಕೆ ಎದುರಾಗಿ ಬಲ್ಲೆ ಎಂಬುದು ನಿಲ್ಲಬೇಕು. ಛಂದಸ್ಸಿಲ್ಲದ ಕಡೆಯಲ್ಲಿ ಓದನ್ನು ಹಿಡಿದು ನಿಲ್ಲಿಸುವ ಕಟ್ಟು ಈ ಜೋಡಿಯೇ. ಜೋಡಿಯನ್ನು ಕಂಡುಕೊಂಡವನು ಸಾಲು ತಪ್ಪಿಸುವುದಿಲ್ಲ.

ಅಂಕಿತದ ಸ್ಥಾನದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. 'ಸಂತೆಯೊಡೆಯಾ' ಎಂಬ ಕರೆಯನ್ನು ಹಿಂದಿನ ಮಾತಿಗೆ ಸೇರಿಸಿ 'ಹಸಿದವನ ಮೊಗವ ಬಲ್ಲೆ, ಸಂತೆಯೊಡೆಯಾ' ಎಂದೂ ಓದಬಹುದು. ಆಗ ಅದು ಅರಿಕೆಯಾಗುತ್ತದೆ. ಒಡೆಯನ ಮುಂದೆ ತನ್ನ ಮಟ್ಟವನ್ನು ಒಪ್ಪಿಕೊಂಡಂತೆ ದನಿ ಇಳಿಯುತ್ತದೆ. ಮುಂದಿನ ಮಾತಿಗೆ ಸೇರಿಸಿದರೆ ಅದು ಬೇಡಿಕೆ, ಇಲ್ಲವೆ ಒಡೆಯನಿಗೇ ಹೇಳಿದ ಬುದ್ಧಿಮಾತು; ದನಿ ಏರುತ್ತದೆ. ಇಲ್ಲಿ ಎರಡೂ ಓದು ಸಲ್ಲುತ್ತವೆ. ಶಿಕ್ಷಕರು ಒಂದನ್ನು ಸರಿಯೆಂದು ತೀರ್ಪು ಕೊಡಬೇಕಾಗಿಲ್ಲ. ಇಬ್ಬರು ವಿದ್ಯಾರ್ಥಿಗಳಿಂದ ಎರಡು ಬಗೆಯಾಗಿ ಓದಿಸಿ, ಉಳಿದವರು ಕೇಳಿ ಭೇದವನ್ನು ಹೇಳಲಿ. ಅಂಕಿತವು ಸಹಿಯಲ್ಲ, ಕರೆ ಎಂದು ಮೊದಲು ಹೇಳಿದ ಮಾತು ಅವರಿಗೆ ಈಗ ಕಿವಿಯಿಂದ ತಿಳಿಯುತ್ತದೆ.

ಅರ್ಥವನ್ನು ವಿವರಿಸುವಾಗ ಒಂದು ನಿಯಮ ಪಾಲಿಸಿದರೆ ಒಳ್ಳೆಯದು. ಮೊದಲು ವಿದ್ಯಾರ್ಥಿ ಅದನ್ನು ತನ್ನ ಮನೆಯ ಕನ್ನಡದಲ್ಲಿ ಹೇಳಲಿ: 'ಕೊಳಗ ನೆಟ್ಟಗ ಅದ, ಅಳಿಯೋ ಕೈ ಸೊಟ್ಟ ಅದ, ಅದಕ್ಕ ಕೊಂಡಾವಗ ಮೋಸ ಆತು' ಎಂಬಂತೆ. ಅವನು ಹಾಗೆ ಹೇಳಬಲ್ಲವನಾದರೆ ವಾಚ್ಯಾರ್ಥ ತಿಳಿದಿದೆ. ಅದಕ್ಕೆ ಬದಲಾಗಿ 'ಇದರಲ್ಲಿ ಕವಿಯು ಸಮಾಜದ ಡಾಂಭಿಕತೆಯನ್ನು ಖಂಡಿಸಿದ್ದಾನೆ' ಎಂದು ಆರಂಭಿಸಿದರೆ ಅರ್ಥ ತಿಳಿದಿಲ್ಲವೆಂದೇ ತಿಳಿಯಬೇಕು. ಆ ವಾಕ್ಯ ಮಾರ್ಗದರ್ಶಿ ಪುಸ್ತಕದಿಂದ ಬಂದದ್ದು. ಯಾವ ವಚನದ ಕೆಳಗೆ ಬರೆದರೂ ಹೊಂದುತ್ತದೆ. ಆಮೇಲೆ ಎರಡನೆಯ ಹೆಜ್ಜೆ. ಈ ರಚನೆಯು ಅಳತೆಯ ಪಾತ್ರೆಯನ್ನು ದೂಷಿಸುತ್ತಿಲ್ಲ. ಸಾಧನ ಸರಿಯಾಗಿದ್ದೂ ಅದನ್ನು ಹಿಡಿದವನು ಸರಿಯಿಲ್ಲದಿದ್ದರೆ ಕೇಡು ತಪ್ಪದೆನ್ನುತ್ತದೆ. ಆದುದರಿಂದಲೇ ಕೊನೆಯಲ್ಲಿ ಕೊಳಗವನ್ನು ಮುರಿಯಬೇಡ ಎಂದಿದೆ. ಕೊಳಗದ ಜಾಗದಲ್ಲಿ ಬೇರೆ ಏನನ್ನು ಇಡಬಹುದು ಎಂದು ಕೇಳಿದರೆ ವಿದ್ಯಾರ್ಥಿಗಳು ಕಾನೂನು, ಪರೀಕ್ಷೆ, ಪೂಜೆ ಎಂದು ಹೇಳುತ್ತಾರೆ. ಅಷ್ಟು ಸಾಕು.

ಇಲ್ಲಿಗೆ ಸುಮಾರು ಮೂವತ್ತು ನಿಮಿಷಗಳು ಕಳೆದಿರುತ್ತವೆ. ಉಳಿದ ವೇಳೆಗೆ ನಿಜವಾದ ವಚನಗಳು ಎರಡು ಸಾಕು, ಮೂರು ಹೆಚ್ಚು. ಮೊದಲನೆಯದಾಗಿ ಸಿರಿವಂತರು ಕಟ್ಟಿಸುವ ಗುಡಿಗೂ ಬಡವನ ಶರೀರಕ್ಕೂ ಹೋಲಿಕೆಮಾಡುವ ಬಸವಣ್ಣನ ಪ್ರಸಿದ್ಧ ವಚನವನ್ನು ತೆಗೆದುಕೊಳ್ಳಬಹುದು. ಅದು ಎಲ್ಲ ಪಠ್ಯಗಳಲ್ಲಿಯೂ ಸಿಗುತ್ತದೆ. ಅದರಲ್ಲಿ ದೇಹದ ಒಂದೊಂದು ಅಂಗ ಗುಡಿಯ ಒಂದೊಂದು ಭಾಗವಾಗುತ್ತದೆ, ಜೋಡಿಗಳು ಸ್ಪಷ್ಟ. ಅದಕ್ಕಿಂತ ಮುಖ್ಯವಾಗಿ, ಅಂಕಿತದೊಡನೆ ಆ ವಚನ ಮುಗಿಯುವುದಿಲ್ಲ. ದೇವರನ್ನು ಕರೆದು, ಕೇಳೆಂದು ಹೇಳಿ, ಅನಂತರ ಸ್ಥಾವರ ಜಂಗಮಗಳ ಮಾತು ಬರುತ್ತದೆ. ಮೇಲಿನ ಮಾದರಿಯಲ್ಲಿ ಅಭ್ಯಾಸಮಾಡಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ: ಕರೆದ ಮೇಲೆ ಒಂದು ಕ್ಷಣ ತಡೆದು ಓದಿದರೆ ಕೊನೆಯ ಸಾಲು ತೀರ್ಮಾನದಂತೆ ಬೀಳುತ್ತದೆ; ತಡೆಯದೆ ಓದಿದರೆ ಹೋಲಿಕೆಯ ಬಾಲದಂತೆ ಎಳೆದಾಡುತ್ತದೆ. ಸ್ಥಾವರವೆಂದರೆ ನಿಂತದ್ದು, ಜಂಗಮವೆಂದರೆ ಚಲಿಸುವುದು. ಮೊದಲು ಈ ಅರ್ಥವನ್ನಷ್ಟೇ ಹೇಳಬೇಕು. ಜಂಗಮವೆಂದರೆ ಒಂದು ಸಮುದಾಯದ ಹೆಸರೆಂದು ಬಲ್ಲ ವಿದ್ಯಾರ್ಥಿಗಳು ಸೊಲ್ಲಾಪುರದಲ್ಲಿ ಇರುತ್ತಾರೆ. ಆ ಅರ್ಥವೂ ಇದೆಯೆಂದು ಒಪ್ಪಿ, ಇಲ್ಲಿ ಧಾತುವಿನ ಅರ್ಥದಿಂದ ಆರಂಭಿಸೋಣವೆಂದು ಮುಂದುವರಿಯಬಹುದು.

ಎರಡನೆಯದು ಜೇಡರ ದಾಸಿಮಯ್ಯನದಾದರೆ ಒಳ್ಳೆಯದು. ಅವನ ವಚನಗಳು ಗಿಡ್ಡ, ಎರಡು ಸಲ ಓದಿದರೆ ನೆನಪಿನಲ್ಲಿ ಉಳಿಯುತ್ತವೆ. ಅವನು ನೇಕಾರ, ಮಗ್ಗದ ಊರಾದ ಸೊಲ್ಲಾಪುರದಲ್ಲಿ ಇದನ್ನು ಹೇಳಿದಾಗ ಒಬ್ಬಿಬ್ಬರು ತಲೆಯೆತ್ತಿ ನೋಡುವುದು ಸಹಜ. ದೇಹದ ಗುರುತುಗಳನ್ನು ನೋಡಿ ಹೆಣ್ಣೆಂದೂ ಗಂಡೆಂದೂ ಕರೆಯುವುದನ್ನು ಹೇಳಿ, ಒಳಗಿರುವ ಆತ್ಮಕ್ಕೆ ಆ ಭೇದ ಸಲ್ಲದೆನ್ನುವ ಅವನ ವಚನ ಪದವಿ ತರಗತಿಗೆ ತಕ್ಕದ್ದು. ಅದರಲ್ಲಿ ಬರುವ ಅಂಗಗಳ ಹೆಸರಿಗೆ ಹಿಂದಿನ ಬೆಂಚಿನಲ್ಲಿ ನಗೆ ಏಳಬಹುದು. ಶಿಕ್ಷಕರು ಆ ಪದವನ್ನು ನುಂಗಿಕೊಂಡು ಓದಿದರೆ ನಗೆ ಹೆಚ್ಚುತ್ತದೆ, ನೇರವಾಗಿ ಓದಿದರೆ ಅಡಗುತ್ತದೆ.

ಬೆಡಗಿನ ವಚನಗಳನ್ನು ಈ ಉಪನ್ಯಾಸದಲ್ಲಿ ತರಬಾರದು. ಅಲ್ಲಮನ ಒಗಟಿನಂಥ ಮಾತುಗಳು ವಿದ್ಯಾರ್ಥಿಗಳಿಗೆ ಆಕರ್ಷಕವಾಗಿ ಕೇಳಿಸುತ್ತವೆ ನಿಜ. ಆದರೆ ಅವುಗಳಿಗೆ ಟೀಕೆಯ ನೆರವಿಲ್ಲದೆ ಅರ್ಥ ಹೇಳುವುದು ಊಹೆಯಾಗುತ್ತದೆ. ವಚನವೆಂದರೆ ಯಾರು ಏನು ಬೇಕಾದರೂ ಅರ್ಥ ಹೇಳಬಹುದಾದದ್ದೆಂಬ ತಪ್ಪು ತಿಳುವಳಿಕೆ ಮೊದಲ ದಿನವೇ ನಾಟುತ್ತದೆ. ಹಾಡಿನ ವಿಷಯದಲ್ಲಿಯೂ ಇಂಥದೇ ಒಂದು ಎಚ್ಚರ ಬೇಕು. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಅವರಂಥ ಗಾಯಕರು ಹಿಂದುಸ್ತಾನಿ ರಾಗಗಳಲ್ಲಿ ಹಾಡಿದ ವಚನಗಳು ಈ ಭಾಗದಲ್ಲಿ ಮನೆಮನೆಗೂ ಪರಿಚಿತ. ವಿದ್ಯಾರ್ಥಿಗಳು ಅವನ್ನು ಕೇಳಲೇಬೇಕು, ಆದರೆ ಓದಿದ ಮೇಲೆ. ಗಾಯಕನು ರಾಗದ ಅನುಕೂಲಕ್ಕೆ ತಕ್ಕಂತೆ ಒಂದು ಸಾಲನ್ನು ಹಲವು ಸಲ ಹಾಡುತ್ತಾನೆ, ಮೊದಲ ಸಾಲಿಗೆ ಮರಳಿ ಬರುತ್ತಾನೆ. ಅದು ಹಾಡಿನ ನ್ಯಾಯ. ಮಾತು ಮುಂದೆ ಮುಂದೆ ಸಾಗಿ ಕೊನೆಯಲ್ಲಿ ತಿರುಗುವ ವಚನದ ನ್ಯಾಯ ಬೇರೆ. ಮೊದಲೇ ಹಾಡು ಕೇಳಿದವನು ಪಲ್ಲವಿಯನ್ನು ಹುಡುಕುತ್ತಾನೆ. ವಚನಕ್ಕೆ ಪಲ್ಲವಿ ಇಲ್ಲ.

ಅವಧಿಯ ಕೊನೆಗೆ ಮತ್ತೆ ಸಿದ್ಧರಾಮನ ಕೆರೆ. ಅಲ್ಲಮಪ್ರಭು ಸೊನ್ನಲಿಗೆಗೆ ಬಂದ ಪ್ರಸಂಗ 'ಶೂನ್ಯಸಂಪಾದನೆ'ಯಲ್ಲಿದೆ. ಕೆರೆಯ ಕೆಲಸ ನಡೆದಿದೆ, ಜನ ಮಣ್ಣು ಹೊರುತ್ತಿದ್ದಾರೆ. ಅಲ್ಲಮನು ಸಿದ್ಧರಾಮನನ್ನು ಒಡ್ಡನೆಂದು ಕರೆದು ಕೆಣಕುತ್ತಾನೆ, ಕೆಲಸದವರು ಸಿಟ್ಟಿಗೇಳುತ್ತಾರೆ. ಲೋಕಕ್ಕೆ ನೀರು ಕೊಡುವ ಕೆಲಸ ದೊಡ್ಡದೋ, ತನ್ನನ್ನು ತಾನು ಅರಿಯುವುದು ದೊಡ್ಡದೋ ಎಂಬ ವಾದ ಅಲ್ಲಿ ನಡೆಯುತ್ತದೆ. ಇದನ್ನು ಹೇಳುವಾಗ ಒಂದು ವಿಷಯವನ್ನು ಮರೆಮಾಡಬಾರದು. ಬಿಡಿಬಿಡಿಯಾದ ವಚನಗಳನ್ನು ಹೀಗೆ ಸಂಭಾಷಣೆಯಾಗಿ ಜೋಡಿಸಿದ್ದು ಹದಿನೈದನೆಯ ಶತಮಾನದ ಸಂಕಲನಕಾರರು. ಅವರೂ ಸಾಲು ಒಡೆದ ಸಂಪಾದಕರಂತೆಯೇ ಓದಿದವರು. ತಮ್ಮ ಓದಿನಿಂದ ಕಥೆ ಕಟ್ಟಿದವರು. ಸಂವಾದವು ಹಾಗೆಯೇ ನಡೆಯಿತೆಂದು ಹೇಳದೆ, ಪರಂಪರೆಯು ಅದನ್ನು ಹೀಗೆ ಕಂಡಿತೆಂದು ಹೇಳಿದರೆ ಪ್ರಸಂಗದ ಬಿಗಿ ಏನೂ ಕಡಿಮೆಯಾಗದು. ಕೆರೆಯ ದಂಡೆಯ ಮೇಲೆ ದಿನವೂ ಓಡಾಡುವ ವಿದ್ಯಾರ್ಥಿಗಳಲ್ಲಿ ಅನೇಕರು ಸಿದ್ಧರಾಮನ ಪಕ್ಷ ವಹಿಸುತ್ತಾರೆ, ನೀರಿಲ್ಲದ ನಾಡಿನಲ್ಲಿ ಕೆರೆಗಿಂತ ದೊಡ್ಡದೇನೆಂದು ಕೇಳುತ್ತಾರೆ. ಅಲ್ಲಮನ ಪರವಾಗಿ ವಾದಿಸುವ ಹೊಣೆಯನ್ನು ಆಗ ಶಿಕ್ಷಕರೇ ಹೊರಬೇಕಾಗುತ್ತದೆ. ಕೆರೆ ಕಟ್ಟಿಸಿದೆನೆಂಬ ಹೆಮ್ಮೆ ಉಳಿದರೆ ಕಟ್ಟಿದ್ದು ಯಾರಿಗಾಗಿ ಎಂಬ ಅಲ್ಲಮನ ದಾರಿಯನ್ನು ಹಿಡಿದು ಕೇಳಬಹುದು.

ವಯನಾಡು, ಕಾಸರಗೋಡು, ನೀಲಗಿರಿ, ಹೊಸೂರುಗಳಲ್ಲಿ ಪಾಠಮಾಡುವವರಿಗೆ ಸೊನ್ನಲಿಗೆಯ ಕೆರೆ ಕಣ್ಣೆದುರಿಗಿಲ್ಲ. ಅಲ್ಲಿ ಮೇಲಿನ ಪ್ರಸಂಗವನ್ನು ಬಿಟ್ಟು, ಸಾಲು ಒಡೆಯುವ ಅಭ್ಯಾಸಕ್ಕೇ ಹೆಚ್ಚು ವೇಳೆ ಕೊಡುವುದು ಮೇಲು. 'ನಾ ಒಲ್ಲೆ' ಎಂಬ ಮನೆಮಾತಿನ ನೆರವೂ ಎಲ್ಲ ಕಡೆ ದೊರೆಯದು. ಅಂಥಲ್ಲಿ 'ಕಾಣೆಯಾಗಿದ್ದಾರೆ' ಎಂಬ ಪತ್ರಿಕೆಯ ಜಾಹೀರಾತಿನಿಂದ ನಿಷೇಧರೂಪವನ್ನು ಆರಂಭಿಸಬಹುದು.

ಮುಂದಿನ ತರಗತಿಗೆ ಮನೆಗೆಲಸವಾಗಿ ಸಿದ್ಧರಾಮನ ಒಂದು ವಚನವನ್ನು, ಎಂಟು ಹತ್ತು ಸಾಲಿಗೆ ಮೀರದಂಥದನ್ನು, ವಿರಾಮಚಿಹ್ನೆಗಳನ್ನೂ ಸಾಲುಗಳನ್ನೂ ತೆಗೆದುಹಾಕಿ ಒಂದೇ ಹರಿವಿನಲ್ಲಿ ಬರೆಸಿ ಕೊಡಬೇಕು. ಇಬ್ಬಿಬ್ಬರು ಸೇರಿ ಗೆರೆ ಎಳೆದು ತರಲಿ. ತಂದದ್ದನ್ನೆಲ್ಲ ಹಲಗೆಯ ಮೇಲೆ ಒಂದರ ಪಕ್ಕ ಒಂದು ಬರೆಸಿ, ಪ್ರತಿಯೊಬ್ಬರಿಂದಲೂ ಅವರವರ ಒಡೆತದಂತೆ ಓದಿಸಿದ ಮೇಲೆಯೇ ಮುದ್ರಿತ ಸಂಪುಟವನ್ನು ತೆರೆಯಬೇಕು. ಸಂಪಾದಕರ ಸಾಲಿಗೂ ವಿದ್ಯಾರ್ಥಿಗಳ ಸಾಲಿಗೂ ವ್ಯತ್ಯಾಸ ಕಂಡಲ್ಲಿ ವಿದ್ಯಾರ್ಥಿಗಳದ್ದನ್ನು ಅಳಿಸದೆ ಹಾಗೆಯೇ ಬಿಟ್ಟು, ಯಾವ ಜೋಡಿಯನ್ನು ಕಂಡು ಹಾಗೆ ನಿಂತಿರಿ ಎಂದು ಅವರನ್ನೇ ಕೇಳಬೇಕು.